ವಿದ್ಯುತ್ ಪ್ರವಾಹದ ಸೂತ್ರಗಳನ್ನು ಒಂದು ಹಾಳೆಗೆ ಜೋಡಿಸುವುದು

“ದ್ವಿತೀಯ ಪಿಯುಸಿ ಭೌತಶಾಸ್ತ್ರದ ನನ್ನ ಟಿಪ್ಪಣಿಯಲ್ಲಿ V = IR, V = E − Ir, V = E + Ir ಎಲ್ಲವೂ ಚೆಲ್ಲಾಪಿಲ್ಲಿಯಾಗಿವೆ. ಒಂದೇ ಹಾಳೆಗೆ ಹೇಗೆ ತರಲಿ?”

ಸೂತ್ರಗಳನ್ನು ಅಕ್ಷರ ನೋಡಿ ಗುಂಪು ಮಾಡಬೇಡಿ; ಪ್ರತಿ ಸಾಲು ರೋಧಕವನ್ನು ಕುರಿತದ್ದೋ ಕೋಶವನ್ನು ಕುರಿತದ್ದೋ ಎಂದು ಮೊದಲು ಪಕ್ಕದಲ್ಲಿ ಗುರುತು ಹಾಕಿಕೊಳ್ಳಿ. ಆಗ V = IR ರೋಧಕದ ಶೀರ್ಷಿಕೆಗೆ ಹೋಗುತ್ತದೆ, ಉಳಿದೆರಡು ಕೋಶದ ಕೆಳಗೆ ಬರುತ್ತವೆ.

ಕೋಶದ ಭಾಗದಲ್ಲಿ ವ್ಯಾಖ್ಯೆ ಮೊದಲಿರಲಿ: ಕೋಶದಿಂದ ಪ್ರವಾಹ ಹರಿಯದಿರುವಾಗ ಅದರ ಧ್ರುವಗಳ ನಡುವಿನ ವಿಭವಾಂತರವೇ E, ಅಂದರೆ ವಿದ್ಯುಚ್ಚಾಲಕ ಬಲ. ನಂತರ ಪ್ರತಿ ಸೂತ್ರವನ್ನೂ ಅದರ ಷರತ್ತಿನೊಡನೆ ಬರೆಯಿರಿ; ಕೋಶವು ಪ್ರವಾಹ ಕೊಡುವಾಗ V = E − Ir, ಚಾರ್ಜ್ ಆಗುವಾಗ V = E + Ir. ಷರತ್ತಿಲ್ಲದ ಸೂತ್ರವೇ ಪರೀಕ್ಷೆಯಲ್ಲಿ ಚಿಹ್ನೆ ತಪ್ಪಿಸುತ್ತದೆ ಎಂಬುದು ನನ್ನ ದೃಢ ಅಭಿಪ್ರಾಯ.

ಅದರ ಕೆಳಗೆ ಒಂದೇ ಉದಾಹರಣೆಯನ್ನು ಪೂರ್ತಿಯಾಗಿ ಬಿಡಿಸಿ. E = 1.5 V, r = 0.5 Ω ಇರುವ ಕೋಶಕ್ಕೆ R = 2.5 Ω ಜೋಡಿಸಿದರೆ, I = E/(R + r) = 1.5/3 = 0.5 A ಆಗುತ್ತದೆ; ಆದ್ದರಿಂದ V = 1.5 − 0.5 × 0.5 = 1.25 V. ರೋಧಕದ ಕಡೆಯಿಂದ IR = 0.5 × 2.5 ಎಂದು ಲೆಕ್ಕ ಹಾಕಿದರೂ ಅದೇ 1.25 V ಬರಬೇಕು. ಬಾರದಿದ್ದರೆ, ಬಹುತೇಕ I ಕಂಡುಹಿಡಿಯುವಾಗ r ಅನ್ನು ಕೂಡಿಸದೆ ಬಿಟ್ಟಿರುತ್ತೀರಿ.