ತಳಿಶಾಸ್ತ್ರದ ಲೆಕ್ಕ: ಒಂದು ಸಲಕ್ಕೆ ಒಂದೇ ಬಗೆ

ಹಳೇ ಪ್ರಶ್ನೆಪತ್ರಿಕೆಗಳ ತಳಿಶಾಸ್ತ್ರದ ಲೆಕ್ಕಗಳನ್ನು ಹೇಗೆ ವಿಂಗಡಿಸಿ ಅಭ್ಯಾಸ ಮಾಡಲಿ?

ಏನು ಕೊಟ್ಟಿದ್ದಾರೆ ಅಂತ ನೋಡಿ ಬೇರೆ ಮಾಡಿ. ಒಂದೇ ಗುಣಕ್ಕೆ ತಂದೆತಾಯಿಯ ಜೀನ್ ಕೊಟ್ಟು ಮಕ್ಕಳ ಅನುಪಾತ ಕೇಳಿದರೆ ಏಕತಳೀಕರಣ. ಅದು ಬೇಗ ಕೈಗೆ ಹತ್ತುತ್ತದೆ. ವಂಶವೃಕ್ಷದ ಚಿತ್ರಗಳಿಗೆ ಜಾಸ್ತಿ ಸಮಯ ಕೊಡಿ, ಅಲ್ಲಿ ಹಿಂದಕ್ಕೆ ಯೋಚಿಸಬೇಕು.

ಒಂದು ಚಿತ್ರ ನೋಡೋಣ. ತಂದೆತಾಯಿ ಇಬ್ಬರಿಗೂ ರೋಗವಿಲ್ಲ, ಮಗಳ ವೃತ್ತಕ್ಕೆ ಮಾತ್ರ ಕಪ್ಪು ತುಂಬಿದೆ. ಹಾಗಾದರೆ ರೋಗ ರಿಸೆಸಿವ್. X ಮೇಲಿದ್ದಿದ್ದರೆ ತಂದೆಗೂ ರೋಗ ಇರಬೇಕಿತ್ತು, ಅಲ್ವಾ? ಹಾಗಾಗಿ ಇದು ಆಟೋಸೋಮ್‌ನದು, ತಂದೆತಾಯಿ ಇಬ್ಬರೂ Aa.

ಈಗ ರೋಗವಿಲ್ಲದ ಅಣ್ಣ ವಾಹಕನಾಗಿರುವ ಸಾಧ್ಯತೆ ಎಷ್ಟು? ಸುಮಾರು ಜನ 1/2 ಬರೆಯುತ್ತಾರೆ. ಅವನು aa ಅಲ್ಲ ಅಂತ ಗೊತ್ತಿದೆ, ಉಳಿದ ಮೂರರಲ್ಲಿ ಎರಡು Aa. ಉತ್ತರ 2/3. ಇದೇ ತಪ್ಪು ಮತ್ತೆ ಬಂದರೆ ಇಂಥ ಲೆಕ್ಕಗಳನ್ನೇ ಪ್ರತ್ಯೇಕ ಗುಂಪು ಮಾಡಿ.