ಸಂಪಾದಕರ ಉತ್ತರ: ನಲವತ್ತೊಂಬತ್ತೂ ಅಕ್ಷರ ಬಂದಿಲ್ಲ

“ಸರ್, ಪುಣೆಯಲ್ಲಿ ಗೆಳೆಯರು ಸೇರಿ ಕನ್ನಡ ಫಾಂಟ್ ಮಾಡುತ್ತಿದ್ದೇವೆ. ಅದರ ಪರೀಕ್ಷೆಗೆ ವರ್ಣಮಾಲೆಯ 49 ಅಕ್ಷರಗಳೂ ಇರುವ ಒಂದು ವಾಕ್ಯ ಬರೆದಿದ್ದೇನೆ. ನಿಮ್ಮ ಪತ್ರಿಕೆಗೆ ಆಗುತ್ತದೆಯೇ? ‘ಆಷಾಢದ ಮಳೆಗೆ ಕೈಯಲ್ಲಿ ಛತ್ರಿ ಹಿಡಿದು ಮಠಕ್ಕೆ ಓಡಿಬಂದ ಪ್ರೌಢ ಋಷಿಗಳು ಝರಿಯ ಘೋಷ ಕೇಳುತ್ತ, ಶುದ್ಧ ಜ್ಞಾನದ ಫಲವನ್ನೂ ವಾಙ್ಮಯದ ಸುಖವನ್ನೂ ಭಕ್ತರ ಜೊತೆ ಕೂತು ಹೀಗೆ ಅಂತಃಕರಣದಿಂದ ಕಥೆ ಕಟ್ಟಿ ಚೆನ್ನಾಗಿ ಹೇಳಿದರು.’”

ನಮಸ್ಕಾರ. ಈಗಿರುವ ಹಾಗೆ ಇದನ್ನು ಹಾಕಲು ಆಗುವುದಿಲ್ಲ. ವ್ಯಂಜನಗಳ ಕೆಲಸ ಚೆನ್ನಾಗಿದೆ, 34 ಕೂಡ ಬಂದಿವೆ. ಅನುಸ್ವಾರ, ವಿಸರ್ಗವೂ ಇವೆ. ತೊಂದರೆ ಇರುವುದು ಸ್ವರಗಳಲ್ಲಿ. 13ರಲ್ಲಿ ನಾಲ್ಕೇ ಬಂದಿವೆ: ಆ, ಓ, ಋ, ಅ.

ನೀವು ಕಿವಿಯಿಂದ ಎಣಿಸಿದ್ದೀರಿ. ‘ಕೈ’ಯಲ್ಲಿ ಐ ಕೇಳಿಸುತ್ತದೆ, ‘ಪ್ರೌಢ’ದಲ್ಲಿ ಔ ಕೇಳಿಸುತ್ತದೆ, ನಿಜ. ಆದರೆ ಅಲ್ಲಿ ಅಚ್ಚಾಗುವುದು ಕಾಗುಣಿತದ ಚಿಹ್ನೆ, ಐ ಔ ಅಕ್ಷರಗಳಲ್ಲ. ಫಾಂಟಿನಲ್ಲಿ ಎರಡನ್ನೂ ಬೇರೆ ಬೇರೆ ಬಿಡಿಸಬೇಕು. ಬಿಡಿ ಸ್ವರ ಕನ್ನಡದಲ್ಲಿ ಸಾಮಾನ್ಯವಾಗಿ ಪದದ ಮೊದಲಲ್ಲೇ ಬರುತ್ತದೆ. ಹಾಗಾಗಿ ಈ ವಾಕ್ಯಕ್ಕೆ ಸ್ವರದಿಂದ ಶುರುವಾಗುವ 13 ಪದ ಬೇಕೇ ಬೇಕು. ಮೊದಲು ಅವನ್ನು ಆರಿಸಿಕೊಂಡು, ಆಮೇಲೆ ವ್ಯಂಜನಗಳನ್ನು ನಡುವೆ ಸೇರಿಸುತ್ತ ಹೋಗಿ. ನೀವು ಉಲ್ಟಾ ದಾರಿ ಹಿಡಿದಿದ್ದೀರಿ.

ನಿಮ್ಮ ಕಥೆಯನ್ನೇ ಇಟ್ಟುಕೊಂಡು ನಾನು ಹೀಗೆ ತಿದ್ದಿದ್ದೇನೆ:

“ಈ ಊರಿನ ಮಠಕ್ಕೆ ಆಷಾಢದ ಮಳೆಯಲ್ಲಿ ಛತ್ರಿ ಹಿಡಿದು ಓಡಿಬಂದ ಐವರು ಋಷಿಗಳು ಔತಣ ಉಂಡು, ಝರಿಯ ಘೋಷ ಕೇಳುತ್ತ, ಜ್ಞಾನದ ಫಲ ಏನೆಂದು ಕೇಳಿದ ಒಬ್ಬ ಇಳಿವಯಸ್ಸಿನ ಬಡ ಭಕ್ತನ ಎದುರು ಅಂತಃಕರಣದಿಂದ ವಾಙ್ಮಯದ ಕಥೆ ಕಟ್ಟಿ, ಧನಕ್ಕಿಂತ ಶಾಂತಿಯೇ ಸುಖವೆಂಬ ಪಾಠ ಚೆನ್ನಾಗಿ ಹೇಳಿದರು.”

ಇದನ್ನು ಅಚ್ಚಿಗೆ ಕೊಡುವಾಗ ಕರಡು ತಿದ್ದುವವರಿಗೆ ಒಂದು ಚೀಟಿ ಬರೆದಿಡಿ. ಅವರು ರೂಢಿಯಂತೆ ‘ಫಲ ಏನೆಂದು’ ಎಂಬುದನ್ನು ‘ಫಲವೇನೆಂದು’ ಅಂತ ಕೂಡಿಸಿದರೆ ಏ ಹೋಯಿತು. ‘ಭಕ್ತನೆದುರು’ ಮಾಡಿದರೆ ಎ ಹೋಯಿತು. ಬೇರೆ ಬರಹದಲ್ಲಿ ಸಂಧಿ ಮಾಡಿದರೆ ಚೆಂದ. ಇಲ್ಲಿ ಮಾತ್ರ ಆ ಜಾಗ ಖಾಲಿಯೇ ಇರಬೇಕು.

ಮುಂದಿನ ಸಲ ಬೆರಳು ಮಡಚಿ ಎಣಿಸಬೇಡಿ. ಫಾಂಟ್ ಮಾಡುವ ನಿಮ್ಮ ಗೆಳೆಯರ ಹತ್ತಿರ ಪೈಥಾನ್ ಇದ್ದೇ ಇರುತ್ತದೆ:

```python
s = input()
need = "ಅಆಇಈಉಊಋಎಏಐಒಓಔಂಃ"
need += "ಕಖಗಘಙಚಛಜಝಞಟಠಡಢಣ"
need += "ತಥದಧನಪಫಬಭಮಯರಲವಶಷಸಹಳ"
print([c for c in need if c not in s])
```

ನಿಮ್ಮ ವಾಕ್ಯ ಕೊಟ್ಟರೆ ಇ ಈ ಉ ಊ ಎ ಏ ಐ ಒ ಔ ಇಲ್ಲ ಎಂದು ತೋರಿಸುತ್ತದೆ. ನಾನು ತಿದ್ದಿದ್ದಕ್ಕೆ ಖಾಲಿ ಪಟ್ಟಿ ಬರುತ್ತದೆ.

ಆದರೆ ಖಾಲಿ ಪಟ್ಟಿ ಬಂತು ಅಂತ ಕೆಲಸ ಮುಗಿಯಲಿಲ್ಲ. ನಿಮ್ಮ ‘ಶುದ್ಧ’ದಲ್ಲಿ ಧ ಇದೆ ಎಂದು ಕಂಪ್ಯೂಟರ್ ಒಪ್ಪಿಕೊಳ್ಳುತ್ತದೆ. ಕಣ್ಣಿಗೆ ಕಾಣುವುದು ಮಾತ್ರ ದ, ಅದರ ಕೆಳಗೆ ಧ ಒತ್ತು. ಇಡೀ ಧ ಎಲ್ಲೂ ಇಲ್ಲ. ಅದಕ್ಕೇ ‘ಧನ’ ಸೇರಿಸಿದೆ. ‘ಜ್ಞಾನ’ದಲ್ಲೂ ಇದೇ ಕಥೆ. ಜ ಮೇಲೆ ಕೂತಿದೆ, ಞ ಒತ್ತಾಗಿ ಕೆಳಗಿಳಿದಿದೆ. ಙಗೆ ಈ ತೊಂದರೆ ಇಲ್ಲ. ‘ವಾಙ್ಮಯ’ದಲ್ಲಿ ಅದೇ ಮೇಲೆ ಇದೆ, ಮ ಒತ್ತಾಗಿದೆ. ಇಡೀ ಞ ಬೇಕೆಂದರೆ ‘ಪಞ್ಚ’ ಎಂದು ಬರೆಯಬೇಕು. ಈಗ ನಾವೆಲ್ಲ ‘ಪಂಚ’ ಎಂದೇ ಬರೆಯುತ್ತೇವೆ, ಅಲ್ವಾ? ವಾಕ್ಯದೊಳಗೆ ಅದನ್ನು ತುರುಕುವುದು ನನಗೆ ಇಷ್ಟವಿಲ್ಲ. ಕೆಳಗೆ ಇನ್ನೊಂದು ಸಾಲಿನಲ್ಲಿ ಬಿಡಿ ಞ ಇಡಿ.

ಇನ್ನೊಂದು ವಿಷಯ ನಮ್ಮಂಥ ಊರಿನವರಿಗೆ ಜಾಸ್ತಿ ಮುಖ್ಯ. ಮುಂಬೈಯಲ್ಲಿ ನಮ್ಮ ಪುಟ ಜೋಡಿಸುವವರು ಮರಾಠಿಯವರು, ಕನ್ನಡ ಓದಲು ಬರುವುದಿಲ್ಲ. ನಿಮ್ಮ ಪುಣೆಯಲ್ಲೂ ಹಾಗೇ ಇರಬಹುದು. ಫಾಂಟಿನಲ್ಲಿ ಒಂದು ಅಕ್ಷರ ಇಲ್ಲದಿದ್ದರೆ ಎಷ್ಟೋ ಸಲ ಖಾಲಿ ಚೌಕ ಬರುವುದಿಲ್ಲ. ಕಂಪ್ಯೂಟರ್ ಸುಮ್ನೆ ಬೇರೆ ಕನ್ನಡ ಫಾಂಟಿನಿಂದ ಆ ಅಕ್ಷರ ತಂದು ಕೂರಿಸುತ್ತದೆ. ಓದಿದರೆ ಎಲ್ಲ ಸರಿಯಾಗಿಯೇ ಇರುತ್ತದೆ. ಆದ್ದರಿಂದ ಓದಬೇಡಿ, ನೋಡಿ. ಪಕ್ಕದ ಅಕ್ಷರಕ್ಕಿಂತ ಗೆರೆ ದಪ್ಪವೋ ತೆಳುವೋ ಇದ್ದರೆ, ತಲೆಕಟ್ಟು ಮೇಲೆ ಕೆಳಗೆ ಆಗಿದ್ದರೆ, ಅದು ನಿಮ್ಮ ಫಾಂಟಿನದಲ್ಲ. ಕನ್ನಡ ಬಾರದವರಿಗೂ ಇದನ್ನು ಹೇಳಿಕೊಡಬಹುದು.

ಈ ವಾಕ್ಯ ಎಲ್ಲ ಒತ್ತಕ್ಷರಗಳನ್ನೂ ಪರೀಕ್ಷಿಸುವುದಿಲ್ಲ. ಅರ್ಕಾವತ್ತಂತೂ ಒಂದೂ ಇಲ್ಲ. ಅದಕ್ಕೆ ‘ಸೂರ್ಯ, ವರ್ಷ’ ಅಂತ ಬೇರೆ ಸಾಲು ಬೇಕು. ಅದನ್ನು ಲೇಖನದಲ್ಲಿ ನೀವೇ ಒಪ್ಪಿಕೊಂಡು ಬರೆಯಿರಿ.

ತಿದ್ದಿದ ವಾಕ್ಯವನ್ನು ನಿಮ್ಮ ಫಾಂಟಿನಲ್ಲಿ 9 ಪಾಯಿಂಟಿಗೆ ಇಳಿಸಿ, ಅಗ್ಗದ ಕಾಗದದ ಮೇಲೆ ಪ್ರಿಂಟ್ ತೆಗೆದು ಕಳಿಸಿ. ‘ಧನ’ದ ಧ, ‘ಆಷಾಢ’ದ ಢ, ‘ಫಲ’ದ ಫ, ‘ಭಕ್ತ’ದ ಭ, ಇವುಗಳ ಕೆಳಗಿನ ಸಣ್ಣ ಸೀಳಿನಲ್ಲಿ ಇಂಕು ತುಂಬಿದೆಯೇ ಎಂದು ನೋಡಿ ಪೆನ್ಸಿಲಿನಲ್ಲಿ ಗುರುತು ಮಾಡಿ. ಆ ಹಾಳೆಯ ಜೊತೆ ಬಂದರೆ ಲೇಖನ ಹಾಕುತ್ತೇನೆ.