ವಕೀಲರ ವೆಬ್‌ಸೈಟಿನಲ್ಲಿ ಏನಿರಬಹುದು, ಏನಿರಬಾರದು?

ಪ್ರಶ್ನೆ: ನನ್ನ ತಂಗಿ ತುಮಕೂರಿನಲ್ಲಿ ವಕೀಲೆ. 2013ರಿಂದ ಪ್ರಾಕ್ಟೀಸು. ಅವಳಿಗೊಂದು ವೆಬ್‌ಸೈಟ್ ಮಾಡಿಸೋಣ ಅಂತ ನಾನೇ ಪರಿಚಯ ಬರೆದೆ: "ಜಮೀನು ವ್ಯಾಜ್ಯಗಳ ತಜ್ಞೆ. ಐನೂರಕ್ಕೂ ಹೆಚ್ಚು ಕೇಸು, ಶೇ. 95 ಗೆಲುವು. ಹೈಕೋರ್ಟ್ ಅನುಭವ. ವಕೀಲರ ಸಂಘದ ಮಾಜಿ ಜಂಟಿ ಕಾರ್ಯದರ್ಶಿ. ಮೊದಲ ಸಲಹೆ ಉಚಿತ." ಇದನ್ನು ಹಾಕಿದರೆ ಸನ್ನದಿಗೇ ಕುತ್ತು ಅಂದರಂತೆ ಅವಳ ಸೀನಿಯರ್. ಇದರಲ್ಲಿ ಸುಳ್ಳೇನೂ ಇಲ್ಲ. ಹಾಗಾದರೆ ವಕೀಲರು ತಮ್ಮ ಬಗ್ಗೆ ಏನು ಬರೆಯಬಹುದು? — ಒಬ್ಬ ಓದುಗ, ತುಮಕೂರು

ಉತ್ತರ: ಸೀನಿಯರ್ ಹೇಳಿದ್ದು ಸರಿ. ಇಲ್ಲಿ ಸುಳ್ಳು ನಿಜದ ಪ್ರಶ್ನೆ ಬರುವುದೇ ಇಲ್ಲ. ಎಲ್ಲವೂ ನಿಜವಾಗಿದ್ದರೂ ನಿಮ್ಮ ಐದು ವಾಕ್ಯಗಳಲ್ಲಿ ಒಂದೂ ಹಾಗೇ ಉಳಿಯುವುದಿಲ್ಲ.

ಇದಕ್ಕೆ ಕಾರಣ ಭಾರತೀಯ ವಕೀಲರ ಪರಿಷತ್ತಿನ 36ನೇ ನಿಯಮ. ವಕೀಲರು ನೇರವಾಗಿಯಾಗಲಿ, ಸುತ್ತಿಬಳಸಿಯಾಗಲಿ ಕೆಲಸ ಕೇಳುವಂತಿಲ್ಲ, ಜಾಹೀರಾತು ಕೊಡುವಂತಿಲ್ಲ. ಕರಪತ್ರ, ದಲ್ಲಾಳಿ, ತಾವು ನಡೆಸುತ್ತಿರುವ ಕೇಸಿನ ಸುದ್ದಿಯ ಜೊತೆ ಪೇಪರಿನಲ್ಲಿ ಫೋಟೊ, ಎಲ್ಲಕ್ಕೂ ತಡೆ. ಆಫೀಸಿನ ಬೋರ್ಡು ಕೂಡ ಹದವಾದ ಅಳತೆಯಲ್ಲಿರಬೇಕು. ಆ ಬೋರ್ಡಿನಲ್ಲಿ, ಲೆಟರ್‌ಹೆಡ್ಡಿನಲ್ಲಿ 'ಇಂಥ ಕೆಲಸದಲ್ಲಿ ಪರಿಣತರು' ಅಂತ ಇರಬಾರದು. ಸಂಘದ ಅಧ್ಯಕ್ಷರೋ ಸದಸ್ಯರೋ ಆಗಿದ್ದೆವು ಅಂತ ಇರಬಾರದು. ನ್ಯಾಯಾಧೀಶರಾಗಿದ್ದವರು ಅದನ್ನೂ ಬರೆಯುವಂತಿಲ್ಲ.

ಈ ಬಿಗಿ ಇವತ್ತಿನದಲ್ಲ. 1929ರಲ್ಲೇ ಬಾಂಬೆ ಹೈಕೋರ್ಟಿನ ಮುಂದೆ ಒಬ್ಬ ಪ್ಲೀಡರ್ ಕೇಸು ಬಂದಿತ್ತು. ಆತ ಪೋಸ್ಟ್ ಕಾರ್ಡ್ ಹಂಚಿದ್ದ. ತನ್ನ ಹೆಸರು, ವಿಳಾಸ, ವೃತ್ತಿಯ ವಿವರ ಇಷ್ಟೇ ತಿಳಿಸುವ ಕಾರ್ಡು ಕೂಡ ಜಾಹೀರಾತೇ ಅಂತ ಕೋರ್ಟು ಹೇಳಿತು. ನಿಮ್ಮ ತಂಗಿಯ ವೆಬ್‌ಸೈಟ್ ಅಂದಿನ ಲೆಕ್ಕದಲ್ಲಿ ಲಕ್ಷ ಕಾರ್ಡಿಗೆ ಸಮ.

ಆದರೆ 2008ರಲ್ಲಿ ಒಂದು ಕಿಂಡಿ ತೆರೆಯಿತು. ಸುಪ್ರೀಂ ಕೋರ್ಟಿನಲ್ಲಿ ಅರ್ಜಿಯೊಂದು ನಡೆಯುತ್ತಿದ್ದಾಗ ಪರಿಷತ್ತು 36ನೇ ನಿಯಮಕ್ಕೆ ತಿದ್ದುಪಡಿ ತಂದಿತು. ಪರಿಷತ್ತಿಗೆ ತಿಳಿಸಿ, ಅದು ಒಪ್ಪಿದ ಪ್ರಕಾರ, ವಕೀಲರು ವೆಬ್‌ಸೈಟಿನಲ್ಲಿ ಕೆಲವು ವಿವರ ಕೊಡಬಹುದು. ಅದಕ್ಕೊಂದು ಪಟ್ಟಿ ಇದೆ. ಹೆಸರು. ವಿಳಾಸ, ಫೋನು, ಇ-ಮೇಲ್. ಸನ್ನದಿನ ನಂಬರು ಮತ್ತು ತಾರೀಕು, ಮೊದಲು ನೋಂದಣಿ ಆದ ರಾಜ್ಯ ಪರಿಷತ್ತು, ಈಗ ಹೆಸರಿರುವ ಪರಿಷತ್ತು, ಸದಸ್ಯರಾಗಿರುವ ವಕೀಲರ ಸಂಘ. ಓದು. ಕೊನೆಗೆ ಪ್ರಾಕ್ಟೀಸಿನ ಕ್ಷೇತ್ರ, ಅಂದರೆ ಸಿವಿಲ್, ಕ್ರಿಮಿನಲ್, ತೆರಿಗೆ, ಕಾರ್ಮಿಕ, ಹೀಗೆ. ಕೊಟ್ಟ ಮಾಹಿತಿ ನಿಜ ಅಂತ ಕೆಳಗೊಂದು ಘೋಷಣೆಯೂ ಬೇಕು. ಇದರ ಮೇಲೆ ಒಂದು ಸಾಲು ಹೆಚ್ಚಾದರೂ ಅದು ನಿಯಮ ಮುರಿದಂತೆ ಅಂತ ತಿದ್ದುಪಡಿಯಲ್ಲೇ ಬರೆದಿದ್ದಾರೆ.

ಈ ಪಟ್ಟಿಯಲ್ಲಿ 'ಕೋರ್ಟಿನ ಅನುಭವ' ಅನ್ನುವ ಕಲಂ ಇಲ್ಲ, ಗಮನಿಸಿದಿರಾ? ಅನುಭವ ಹೇಳುವ ಕೆಲಸವನ್ನು ಸನ್ನದಿನ ತಾರೀಕು ಮಾಡುತ್ತದೆ. 2013 ಅಂತ ನೋಡಿದ ಕಕ್ಷಿದಾರರು ಎಷ್ಟು ವರ್ಷ ಆಯಿತು ಅಂತ ತಾವೇ ಲೆಕ್ಕ ಹಾಕಿಕೊಳ್ಳುತ್ತಾರೆ. 'ಅಪಾರ ಅನುಭವ' ಅಂತ ನಾವು ಬೇರೆ ಹೇಳಬೇಕಿಲ್ಲ. ಯಾವ ಊರಿನ ಕೋರ್ಟು ಅನ್ನುವುದು ಆಫೀಸಿನ ವಿಳಾಸ ಮತ್ತು ಸಂಘದ ಹೆಸರಿನಿಂದ ಗೊತ್ತಾಗುತ್ತದೆ.

ಈಗ ನಿಮ್ಮ ವಾಕ್ಯಗಳಿಗೆ ಬರೋಣ. 'ಜಮೀನು ವ್ಯಾಜ್ಯಗಳ ತಜ್ಞೆ' ಅನ್ನುವುದನ್ನು 'ಪ್ರಾಕ್ಟೀಸಿನ ಕ್ಷೇತ್ರ: ಸಿವಿಲ್, ಕಂದಾಯ' ಅಂತ ಮಾಡಿದರೆ ಸಾಕು. ಅವರು ಏನು ಮಾಡುತ್ತಾರೆ ಅಂತ ಇದು ಹೇಳುತ್ತದೆ, ಎಷ್ಟು ಚೆನ್ನಾಗಿ ಮಾಡುತ್ತಾರೆ ಅಂತ ಹೇಳುವುದಿಲ್ಲ. ನಿಯಮದ ಗೆರೆ ಇರುವುದು ಸರಿಯಾಗಿ ಅಲ್ಲೇ. ಆದರೆ ಈ ಸಾಲನ್ನು ಹಾಗೇ ತೆಗೆದು ಆಫೀಸಿನ ಬೋರ್ಡಿಗೆ ಬರೆಸಬೇಡಿ. 2008ರ ಸಡಿಲಿಕೆ ವೆಬ್‌ಸೈಟಿಗೆ ಮಾತ್ರ.

ಶೇ. 95 ಗೆಲುವು ನಿಯಮ ಇಲ್ಲದಿದ್ದರೂ ನಿಲ್ಲದ ಮಾತು. ಜಮೀನಿನ ಕೇಸನ್ನೇ ತಗೊಳ್ಳಿ. ಮೂವರು ಅಣ್ಣತಮ್ಮಂದಿರ ನಡುವೆ ಪಾಲು ವಿಭಾಗದ ದಾವೆ. ನಿಮ್ಮ ತಂಗಿಯ ಕಕ್ಷಿದಾರ ಮೂರನೇ ಒಂದು ಭಾಗ ಕೇಳಿದ. ಆ ಅಣ್ಣತಮ್ಮಂದಿರ ತಂಗಿಯೊಬ್ಬಳು ಬಂದು ತನಗೂ ಹಕ್ಕಿದೆ ಅಂದಳು. ಕೋರ್ಟು ನಾಲ್ಕನೇ ಒಂದು ಭಾಗ ಕೊಟ್ಟಿತು. ಇದು ಗೆಲುವಾ, ಸೋಲಾ? ಅದೂ ಪ್ರಾಥಮಿಕ ಡಿಕ್ರಿ ಅಷ್ಟೇ. ಯಾರಿಗೆ ಯಾವ ತುಂಡು ಅಂತ ಅಳೆದು ಹಂಚುವ ಅಂತಿಮ ಡಿಕ್ರಿಯ ನಡಾವಳಿ ಇನ್ನೂ ಬಾಕಿ. ಅಷ್ಟರಲ್ಲಿ ಎದುರಿನವರು ಅಪೀಲು ಹಾಕಿದರು. ಎರಡು ವರ್ಷ ಕಳೆದು ಎಲ್ಲರೂ ರಾಜಿಯಾದರು. ಈ ಒಂದು ಕೇಸನ್ನು ನಾಲ್ಕು ಕಡೆಯ ನಾಲ್ಕು ವಕೀಲರೂ 'ಗೆದ್ದದ್ದು' ಅಂತ ಬರೆದುಕೊಳ್ಳಬಹುದು, ಒಬ್ಬರೂ ಸುಳ್ಳು ಹೇಳಿದಂತಾಗುವುದಿಲ್ಲ. ಇಂಥ ಅಂಕಿ ನಂಬಿ ವಕಾಲತ್ತು ಕೊಟ್ಟವರು ಮುಂದೆ 'ಶೇ. 95 ಅಂದಿದ್ರಲ್ಲ' ಅಂತ ಬಂದು ಕೂತರೆ ಏನು ಹೇಳುವುದು?

ಐನೂರು ಕೇಸಿನ ಲೆಕ್ಕಕ್ಕೂ ಅದೇ ಗತಿ. ಪಟ್ಟಿಯಲ್ಲಿ ಇಲ್ಲ, ಬರೆಯುವಂತಿಲ್ಲ. ಜೊತೆಗೆ, ಅನುಮಾನ ಇದ್ದವರು ಇ-ಕೋರ್ಟ್ಸ್ ಸೈಟಿನ Case Status ಪುಟದಲ್ಲಿ Advocate ಅಂತ ಆರಿಸಿ ವಕೀಲರ ಹೆಸರು ಹಾಕಿ ಹುಡುಕಬಹುದು. ಅಲ್ಲಿ ಸಿಗುವ ಸಂಖ್ಯೆಯನ್ನೂ ಪೂರ್ತಿ ನಂಬುವ ಹಾಗಿಲ್ಲ, ಅದು ಬೇರೆ ಮಾತು. ಸೀನಿಯರ್ ಹೆಸರಿನಲ್ಲಿ ವಕಾಲತ್ತು ಇದ್ದು, ಪಾಟಿ ಸವಾಲು ಪೂರ್ತಿ ಜೂನಿಯರ್ ಮಾಡಿದ ಕೇಸುಗಳು ಎಷ್ಟೋ. ಅಲ್ಲಿ ಜೂನಿಯರ್ ಹೆಸರೇ ಕಾಣುವುದಿಲ್ಲ. ಹೆಸರಿನ ಸ್ಪೆಲ್ಲಿಂಗ್ ಒಂದೊಂದು ಕೋರ್ಟಿನಲ್ಲಿ ಒಂದೊಂದು ಥರ ದಾಖಲಾಗಿರುತ್ತದೆ.

'ಹೈಕೋರ್ಟ್ ಅನುಭವ' ಅಂದರೆ ಓದುವವರಿಗೆ ಇವರದ್ದು ಏನೋ ಮೇಲಿನ ದರ್ಜೆ ಅನ್ನಿಸುತ್ತದೆ. ಹಾಗೇನಿಲ್ಲ. ವಕೀಲರ ಕಾಯ್ದೆಯ 30ನೇ ಸೆಕ್ಷನ್ ಪ್ರಕಾರ ಸನ್ನದು ಇರುವ ಯಾರು ಬೇಕಾದರೂ ತಾಲ್ಲೂಕು ಕೋರ್ಟಿನಿಂದ ಹಿಡಿದು ಬೆಂಗಳೂರು, ಧಾರವಾಡ, ಕಲಬುರಗಿ ಪೀಠಗಳ ತನಕ ಹಾಜರಾಗಬಹುದು. ನಿಜವಾಗಿ ಬೇರೆ ದರ್ಜೆ ಅಂದರೆ ಹೈಕೋರ್ಟೋ ಸುಪ್ರೀಂ ಕೋರ್ಟೋ ಕೊಡುವ 'ಹಿರಿಯ ವಕೀಲ' ಪದವಿ. ಇನ್ನೊಂದು ಸುಪ್ರೀಂ ಕೋರ್ಟಿನ 'ಅಡ್ವೊಕೇಟ್ ಆನ್ ರೆಕಾರ್ಡ್'. ಅದಕ್ಕೆ ಪರೀಕ್ಷೆ ಪಾಸಾಗಬೇಕು.

ಸಂಘದ ಹುದ್ದೆಯ ವಿಷಯ ಸ್ವಲ್ಪ ವಿಚಿತ್ರ. ವೆಬ್‌ಸೈಟಿನ ಪಟ್ಟಿ ಸಂಘದ ಹೆಸರು ಕೇಳುತ್ತದೆ, ಹುದ್ದೆ ಕೇಳುವುದಿಲ್ಲ. ಬೋರ್ಡಿನಲ್ಲಿ ಸದಸ್ಯತ್ವವೂ ಬರೆಯುವಂತಿಲ್ಲ. ಜಂಟಿ ಕಾರ್ಯದರ್ಶಿ ಆಗಿದ್ದವರಿಗೆ ಬೇಜಾರಾಗಬಹುದು, ಆದರೆ ಎರಡೂ ಕಡೆ ಬಿಡಬೇಕು.

'ಮೊದಲ ಸಲಹೆ ಉಚಿತ' ಅಂತೂ ನೇರವಾಗಿ ಕರೆದಂತೆ, ತೆಗೆಯಿರಿ. ಇದಕ್ಕಿಂತ ಕೆಟ್ಟದ್ದು 'ಗೆದ್ದರೆ ಮಾತ್ರ ಫೀಸು'. ನೀವು ಬರೆದಿಲ್ಲ, ಆದರೆ ವೆಬ್‌ಸೈಟ್ ಮಾಡಿಕೊಡುವವರು ಬೇರೆ ಕಡೆಯಿಂದ ನೋಡಿ ಸೇರಿಸುವ ಸಾಲು ಅದು. ಫಲಿತಾಂಶಕ್ಕೆ ಫೀಸು ಕಟ್ಟುವುದನ್ನು ಪರಿಷತ್ತಿನ 20ನೇ ನಿಯಮ ಪ್ರತ್ಯೇಕವಾಗಿಯೇ ತಡೆದಿದೆ. ಅಪಘಾತ ಪರಿಹಾರದ ಕೇಸುಗಳಲ್ಲಿ ಪರ್ಸೆಂಟೇಜ್ ಮಾತು ಕೇಳಿಬರುತ್ತದೆ ಅಂತ ನಮಗೂ ಗೊತ್ತು. ಕೇಳಿಬಂದ ಮಾತ್ರಕ್ಕೆ ಅದು ಸರಿಯಾಗುವುದಿಲ್ಲ.

ಹಾಗಾದರೆ ಉಳಿಯುವುದು ಇಷ್ಟು:

ಹೆಸರು, ಬಿ.ಎ., ಎಲ್‌ಎಲ್.ಬಿ., ವಕೀಲರು. ಸನ್ನದು ಸಂಖ್ಯೆ, ಕರ್ನಾಟಕ ರಾಜ್ಯ ವಕೀಲರ ಪರಿಷತ್ತು, ನೋಂದಣಿ ದಿನಾಂಕ (2013). ತುಮಕೂರು ವಕೀಲರ ಸಂಘದ ಸದಸ್ಯರು. ಪ್ರಾಕ್ಟೀಸಿನ ಕ್ಷೇತ್ರ: ಸಿವಿಲ್, ಕಂದಾಯ. ಕಚೇರಿ ವಿಳಾಸ, ದೂರವಾಣಿ, ಇ-ಮೇಲ್. ಮೇಲಿನ ಮಾಹಿತಿ ನಿಜವೆಂದು ಘೋಷಿಸುತ್ತೇನೆ.

ಸಪ್ಪೆ ಅನ್ನಿಸಿತಾ? ಸಪ್ಪೆಯೇ. ದೊಡ್ಡ ಲಾ ಫರ್ಮ್‌ಗಳ ಸೈಟು ನೋಡಿ ನೀವು 'ಅವರು ಪುಟಗಟ್ಟಲೆ ಬರೆದಿದ್ದಾರಲ್ಲ' ಅನ್ನಬಹುದು. ಅಲ್ಲಿ ಒಳಗೆ ಹೋಗುವ ಮುಂಚೆ ಒಂದು ಪೆಟ್ಟಿಗೆ ತೆರೆದುಕೊಳ್ಳುತ್ತದೆ: ಇದು ಜಾಹೀರಾತಲ್ಲ, ನಾನೇ ಮಾಹಿತಿ ಹುಡುಕಿ ಬಂದಿದ್ದೇನೆ, ಒಪ್ಪಿದ್ದೇನೆ. ಅದನ್ನು ಒತ್ತಿಸಿಕೊಂಡರೆ ಎಲ್ಲಕ್ಕೂ ರಕ್ಷಣೆ ಸಿಕ್ಕಿತು ಅನ್ನುವುದು ಒಂದು ನಂಬಿಕೆ, ಅಷ್ಟೇ. 36ನೇ ನಿಯಮದಲ್ಲಾಗಲಿ ಅದರ ಪಟ್ಟಿಯಲ್ಲಾಗಲಿ ಅಂಥ ಪೆಟ್ಟಿಗೆಯ ಮಾತೇ ಇಲ್ಲ. ದೊಡ್ಡವರು ಮಾಡಿದ್ದು ನಡೆದುಹೋಗುತ್ತದೆ, ಜಿಲ್ಲೆಯ ವಕೀಲೆಯ ಮೇಲೆ ದೂರು ಹೋಗುತ್ತದೆ. ಇದು ನ್ಯಾಯವಾ ಅಂತ ಕೇಳಿದರೆ ನಮ್ಮ ಉತ್ತರ ಇಲ್ಲ ಅಂತಲೇ. ನಿಯಮ ಸಡಿಲ ಆಗಬೇಕು ಅನ್ನುವವರ ಕಡೆ ನಾವೂ ಇದ್ದೇವೆ. ಕೋರ್ಟಿನ ಭಾಷೆ ಗೊತ್ತಿಲ್ಲದ ಹಳ್ಳಿಯ ಮನುಷ್ಯನಿಗೆ ಕಂದಾಯ ಕೇಸು ಯಾರು ನಡೆಸುತ್ತಾರೆ ಅಂತ ತಿಳಿಯುವ ದಾರಿ ಇರಬೇಕಲ್ವಾ? ಇಲ್ಲದಿದ್ದರೆ ಕೋರ್ಟಿನ ಗೇಟಿನ ಹತ್ತಿರ ನಿಂತ ದಲ್ಲಾಳಿಯೇ ಗತಿ. ಆದರೆ ಗಾಳಿ ಈಗ ಬಿಗಿಯ ಕಡೆಗೇ ಬೀಸುತ್ತಿದೆ. 2024ರ ಜುಲೈಯಲ್ಲಿ ಮದ್ರಾಸ್ ಹೈಕೋರ್ಟು, ಆನ್‌ಲೈನ್ ತಾಣಗಳ ಮೂಲಕ ಕೆಲಸ ಹಿಡಿಯುವ ವಕೀಲರ ಮೇಲೆ ಕ್ರಮ ಕೈಗೊಳ್ಳಿ ಅಂತ ಪರಿಷತ್ತಿಗೆ ಹೇಳಿತು. ಅದಾದ ಮೇಲೆ ಪರಿಷತ್ತು ರಾಜ್ಯ ಪರಿಷತ್ತುಗಳಿಗೆ ಬರೆದಿದೆ.

ದೂರು ಹೋದರೆ ಅದು ರಾಜ್ಯ ಪರಿಷತ್ತಿನ ಶಿಸ್ತು ಸಮಿತಿಯ ಮುಂದೆ ಬರಬಹುದು. ವಕೀಲರ ಕಾಯ್ದೆಯ 35ನೇ ಸೆಕ್ಷನ್ ಪ್ರಕಾರ ಅವರು ದೂರು ವಜಾ ಮಾಡಬಹುದು, ವಾಗ್ದಂಡನೆ ಕೊಡಬಹುದು, ಇಷ್ಟು ಕಾಲ ಪ್ರಾಕ್ಟೀಸು ಮಾಡಬೇಡಿ ಅನ್ನಬಹುದು, ಹೆಸರನ್ನೇ ತೆಗೆದುಹಾಕಬಹುದು. ಒಂದು ಸಾಲಿನ ಬಡಾಯಿಗೆ ಹೆಸರು ತೆಗೆಯುವಷ್ಟು ಹೋಗುವುದು ಅಪರೂಪ ಅನ್ನುವುದು ನಮ್ಮ ಅಂದಾಜು. ಆದರೂ ನೋಟಿಸು, ಉತ್ತರ, ಹಾಜರಿ ಅಂತ ಓಡಾಡುವುದು ಯಾರಿಗೆ ಬೇಕು?

ಇನ್ನು ನಿಮ್ಮ ತಂಗಿಯ ಕೋರ್ಟಿನ ಅನುಭವ ಎಲ್ಲಿ ಬರೆಯುವುದು? ಕೇಳಿದವರಿಗೆ. ಬ್ಯಾಂಕು ಪ್ಯಾನೆಲ್ ವಕೀಲರನ್ನು ಆರಿಸುವಾಗ, ಸರ್ಕಾರಿ ವಕೀಲರ ಹುದ್ದೆಗೆ ಅರ್ಜಿ ಕರೆದಾಗ ಬಯೋಡೇಟಾ ಕೇಳುತ್ತಾರೆ. ಅಲ್ಲಿ ಯಾವ ಕೋರ್ಟಿನಲ್ಲಿ ಯಾವ ಬಗೆಯ ಕೇಸು, ಸಾಕ್ಷಿ ವಿಚಾರಣೆ ಸ್ವತಃ ನಡೆಸಿದ್ದು ಎಷ್ಟು, ಅಪೀಲಿನಲ್ಲಿ ವಾದ ಮಾಡಿದ್ದು ಯಾವುದು, ಎಲ್ಲ ಬಿಡಿಸಿ ಬರೆಯಲಿ. ಕೇಸಿನ ನಂಬರು ಹಾಕಿದರೆ ಅರ್ಜಿ ನೋಡುವವರು ಪರೀಕ್ಷಿಸಬಹುದು. ಆದರೆ ಕಕ್ಷಿದಾರರು ಮುಚ್ಚಿಟ್ಟುಕೊಳ್ಳಿ ಅಂತ ಹೇಳಿದ ವಿಷಯ ಅಲ್ಲಿಯೂ ಬರಬಾರದು. ಆ ಗುಟ್ಟು ಕಾಯುವ ಹೊಣೆ ಕೇಸು ಮುಗಿದ ಮೇಲೂ ಮುಗಿಯುವುದಿಲ್ಲ. ಕುಟುಂಬ ನ್ಯಾಯಾಲಯದ ಕೇಸಾದರೆ ಗಂಡ ಹೆಂಡತಿಯ ಹೆಸರು ಬಿಟ್ಟು ಕೇಸಿನ ಬಗೆ ಮಾತ್ರ ಸಾಕು. ಇದೇ ಬಯೋಡೇಟಾವನ್ನು ಆಮೇಲೆ ವಾಟ್ಸ್‌ಆ್ಯಪ್ ಗುಂಪಿಗೆ ಹಾಕಿಬಿಟ್ಟರೆ ಮತ್ತೆ 36ನೇ ನಿಯಮಕ್ಕೇ ಬಂದು ಬೀಳುತ್ತೀರಿ. ಅಣ್ಣನಾಗಿ ನೀವು ಹಾಕಿದರೂ ಅಷ್ಟೇ. 'ಸುತ್ತಿಬಳಸಿ' ಅನ್ನುವ ಮಾತು ನಿಯಮದಲ್ಲಿ ಇರುವುದು ಇಂಥದ್ದಕ್ಕೇ.